ಮುಖಕ್ಕೆ ಕೂರದ ಎನ್-95ನ್ನು ಸ್ಯಾಕರಿನ್‌ನಿಂದ ಹಿಡಿಯುವ ಬಗೆ: ಕುಂಬಳೆ ಕಡೆಯ ಒಂದು ಕ್ಲಿನಿಕ್‌ನ ಅನುಭವ

ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ನಮ್ಮ ಕಡೆ ಕ್ಲಿನಿಕ್‌ಗಳಲ್ಲಿ ಜ್ವರದ ಸಾಲು ಬಾಗಿಲಾಚೆಗೂ ಹೋಗುತ್ತದೆ. ಅದರಲ್ಲಿ ಫ್ಲೂ ಎಷ್ಟು, ಡೆಂಗಿ ಎಷ್ಟು ಎಂದು ಆ ಹೊತ್ತಿಗೆ ಯಾರಿಗೂ ತಿಳಿಯುವುದಿಲ್ಲ. ಸಿಬ್ಬಂದಿಗೆ ಎನ್-95 ಕೊಟ್ಟರೆ ಕೆಲಸ ಮುಗಿಯಿತು ಎಂದು ಹೆಚ್ಚಿನವರ ಲೆಕ್ಕ. ಮಾಸ್ಕ್ ಮುಖಕ್ಕೆ ಕೂರುತ್ತದೋ ಇಲ್ಲವೋ ಎಂದು ಸ್ಯಾಕರಿನ್ ಹಿಡಿದು ನೋಡಬೇಕು, ಅಂದರೆ ಆ ಸಿಹಿ ಪುಡಿಯ ದ್ರಾವಣವನ್ನು ಮಾಸ್ಕ್ ಹಾಕಿದವರ ಮುಖದ ಸುತ್ತ ಹಬೆಯಾಗಿ ಬಿಟ್ಟು, ನಾಲಿಗೆಗೆ ಸಿಹಿ ಬಂದರೆ ಮಾಸ್ಕ್ ಸೋರುತ್ತದೆ ಎಂದು ತಿಳಿಯಬೇಕು ಎಂದಾಗ ನಮ್ಮಲ್ಲಿ ಎಲ್ಲರೂ ಬೇಡ ಎಂದರು. ಅದು ದೊಡ್ಡ ಆಸ್ಪತ್ರೆಗಳ ಕೆಲಸ, ಕಿಟ್ ದುಬಾರಿ, ಸಮಯ ಹಾಳು ಎಂಬ ಮಾತು. ಈಗ ಅದೇ ಜನ ಹೊಸ ಮಾಸ್ಕ್‌ನ ಡಬ್ಬಿ ಬಂದ ಕೂಡಲೇ "ಅಕ್ಕಾ, ನನ್ನ ಮುಖಕ್ಕೆ ಇದು ಆಗ್ತದಾ ನೋಡಿ" ಎಂದು ತಾವಾಗಿ ಬಂದು ಕೂರುತ್ತಾರೆ.

ಕಿಟ್ ಇಡಿಯಾಗಿ ಕೊಂಡರೆ ನಿಜಕ್ಕೂ ದುಬಾರಿ. ಆದರೆ ಅದರಲ್ಲಿ ಹೊರಗಿನಿಂದ ತರಿಸಲೇಬೇಕಾದ್ದು ದ್ರಾವಣವನ್ನು ಸಣ್ಣ ಹಬೆಯಾಗಿಸುವ ರಬ್ಬರ್ ಬಲ್ಬಿನ ಕೈ ನೆಬ್ಯುಲೈಸರ್ ಜೋಡಿ ಮಾತ್ರ. ಸಾಗಾಟ ಸೇರಿ ಸುಮಾರು ನಾಲ್ಕು ಸಾವಿರ ಬಿತ್ತೆಂದು ನೆನಪು. ತಲೆಯ ಮೇಲೆ ಹಾಕುವ ಹುಡ್ ನಮ್ಮಲ್ಲೇ ಆಯಿತು. ದಪ್ಪ ಕಂಬಿಯನ್ನು ಒಂದಡಿ ಅಗಲದ ಬಳೆಯಂತೆ ಬಗ್ಗಿಸಿ, ಸ್ಪಷ್ಟ ಪ್ಲಾಸ್ಟಿಕ್ ಹಾಳೆಯನ್ನು ಸುಮಾರು 14 ಇಂಚು ಉದ್ದಕ್ಕೆ ಸುತ್ತಿ, ಮೇಲ್ಭಾಗ ಮುಚ್ಚಿ, ಮೂಗು-ಬಾಯಿಯ ನೇರಕ್ಕೆ ಮುಕ್ಕಾಲು ಇಂಚಿನ ತೂತು. ಒಳಗೆ ತಲೆ ಆಚೀಚೆ ತಿರುಗಲು ಜಾಗ ಇರಬೇಕು. ಪ್ಲಾಸ್ಟಿಕ್ ಮಾಸ್ಕ್‌ಗೆ ತಾಗಿದರೆ ಪರೀಕ್ಷೆ ಕೆಡುತ್ತದೆ. ಹಾಳೆ, ಕಂಬಿ, ಟೇಪು ಎಲ್ಲ ಸೇರಿ ಮುನ್ನೂರು ರೂಪಾಯಿ ದಾಟಲಿಲ್ಲ.

ನೆಬ್ಯುಲೈಸರ್‌ನಲ್ಲಿ ಉಳಿತಾಯಕ್ಕೆ ಹೋಗಬೇಡಿ. ಸೆಂಟಿನ ಬಾಟಲಿ, ಇಸ್ತ್ರಿಗೆ ನೀರು ಚಿಮುಕಿಸುವ ಸ್ಪ್ರೇ ಎಲ್ಲವನ್ನೂ ಇಟ್ಟು ನೋಡಿದ್ದಾಗಿದೆ. ಅವುಗಳಿಂದ ಬರುವ ಹನಿ ದಪ್ಪ. ಸಣ್ಣ ಸಂದಿಯಲ್ಲಿ ಒಳಗೆ ನುಗ್ಗುವ ಮೊದಲೇ ಅದು ಕೆಳಗೆ ಬೀಳುತ್ತದೆ. ಹಾಗಾಗಿ ಯಾರಿಗೂ ಸಿಹಿ ಬರುವುದಿಲ್ಲ, ಎಲ್ಲರೂ ಪಾಸ್. ಸೋರುವ ಮಾಸ್ಕ್‌ಗೆ ಪಾಸ್ ಕೊಡುವ ಪರೀಕ್ಷೆ ಪರೀಕ್ಷೆಯೇ ಇಲ್ಲದಿರುವುದಕ್ಕಿಂತ ಅಪಾಯ. ನಿಮ್ಮ ಸ್ಪ್ರೇ ಸರಿಯಿದೆಯೋ ಎಂದು ತಿಳಿಯಲು ಬೇಕೆಂದೇ ಮಾಸ್ಕ್‌ನ ಕೆಳಗಿನ ಪಟ್ಟಿ ಕಳಚಿ ಪರೀಕ್ಷೆ ಮಾಡಿ. ಆಗಲೂ ಸಿಹಿ ಬರದಿದ್ದರೆ ದೋಷ ಸ್ಪ್ರೇಯದ್ದು.

ದ್ರಾವಣ ಎರಡು. ಗಟ್ಟಿಯದ್ದಕ್ಕೆ 100 ಮಿಲಿ ಬೆಚ್ಚಗಿನ ಡಿಸ್ಟಿಲ್ಡ್ ನೀರಿಗೆ 83 ಗ್ರಾಂ ಸೋಡಿಯಂ ಸ್ಯಾಕರಿನ್. ನಮಗೆ 25 ಮಿಲಿ ಧಾರಾಳ ಸಾಕು, ಅಂದರೆ 21 ಗ್ರಾಂ. ತಣ್ಣೀರಿನಲ್ಲಿ ಕರಗಲು ತುಂಬಾ ಹಠ ಮಾಡುತ್ತದೆ. ತೆಳುವಿನದ್ದಕ್ಕೆ ಈ ಗಟ್ಟಿ ದ್ರಾವಣದ 1 ಮಿಲಿಯನ್ನು 100 ಮಿಲಿ ನೀರಿಗೆ ಹಾಕಿದರಾಯಿತು. ಎರಡಕ್ಕೂ ಬೇರೆ ಬೇರೆ ನೆಬ್ಯುಲೈಸರ್, ಮೇಲೆ ಬಣ್ಣದ ಟೇಪು. ಅದಲುಬದಲಾದರೆ ಇಡೀ ದಿನದ ಕೆಲಸ ನೀರುಪಾಲು.

ಮೊದಲು ಮಾಸ್ಕ್ ಇಲ್ಲದೆ ಹುಡ್ ಹಾಕಿಸಿ, ಬಾಯಿ ಸ್ವಲ್ಪ ತೆರೆದು ನಾಲಿಗೆ ಚಾಚಿ ಉಸಿರಾಡಲು ಹೇಳಿ. ಹುಡ್‌ನ ತೂತಿನಿಂದ ತೆಳು ದ್ರಾವಣ ಹತ್ತು ಸಲ ಒತ್ತಿ. ಸಿಹಿ ಬಂದರೆ ಆ ವ್ಯಕ್ತಿಯ ಅಂಕ 10. ಇಲ್ಲದಿದ್ದರೆ ಇನ್ನೂ ಹತ್ತು, ಮತ್ತೂ ಹತ್ತು. ಮೂವತ್ತಕ್ಕೂ ಬಾರದಿದ್ದರೆ ಅವರಿಗೆ ಈ ಪರೀಕ್ಷೆ ಆಗುವುದಿಲ್ಲ, ಕಹಿಯ ದ್ರಾವಣ ಬೇಕು. ಪರೀಕ್ಷೆಗೆ ಮೊದಲು ಕಾಲು ಗಂಟೆ ಏನೂ ತಿನ್ನಬಾರದು, ನೀರು ಬಿಟ್ಟು ಏನೂ ಕುಡಿಯಬಾರದು ಎಂಬ ನಿಯಮ ಇದೆ. ನಮ್ಮ ಕಡೆಗೆ ಅದು ಸಾಲದು. ಎಲೆಅಡಿಕೆ ಹಾಕುವವರ ನಾಲಿಗೆ ಗಂಟೆಗಟ್ಟಲೆ ದಪ್ಪಗೇ ಇರುತ್ತದೆ. ಅಂಥವರನ್ನು ಬೆಳಿಗ್ಗೆ ಬಂದ ಕೂಡಲೇ, ಮೊದಲ ಕವಳಕ್ಕೆ ಮುಂಚೆ ಕೂರಿಸಬೇಕು. ಆಸ್ತಮಾ ಇರುವವರಿಗೆ ಹುಡ್ ಹಾಕುವ ಮೊದಲು ಡಾಕ್ಟರನ್ನು ಕೇಳಿ.

ಆಮೇಲೆ ಬಾಯಿ ತೊಳೆದು, ಮಾಸ್ಕ್ ಹಾಕಿ ಐದು ನಿಮಿಷ ಹಾಗೇ ಇರಲಿ. ಹುಡ್ ಹಾಕಿ ಗಟ್ಟಿ ದ್ರಾವಣವನ್ನು ಅವರ ಅಂಕದಷ್ಟೇ ಸಲ ಒತ್ತಿ. ನಂತರ ಪ್ರತಿ ಅರ್ಧ ನಿಮಿಷಕ್ಕೆ ಅದರ ಅರ್ಧದಷ್ಟು. ಒಂದೊಂದು ನಿಮಿಷ ಸಾಧಾರಣ ಉಸಿರು, ದೀರ್ಘ ಉಸಿರು, ತಲೆ ಎಡಬಲ, ತಲೆ ಮೇಲೆ ಕೆಳಗೆ, ಮಾತು, ಸೊಂಟ ಬಗ್ಗಿಸುವುದು, ಮತ್ತೆ ಸಾಧಾರಣ ಉಸಿರು. ಮಾತಿನ ನಿಮಿಷಕ್ಕೆ ಇಂಗ್ಲಿಷ್ ಪಾಠ ಓದಿಸುವ ಅಗತ್ಯ ಇಲ್ಲ. ನೂರರಿಂದ ಹಿಂದಕ್ಕೆ ಎಣಿಸಲಿ, ಕನ್ನಡವಾಗಲಿ ಮಲಯಾಳವಾಗಲಿ. ನಾವು ಕೊನೆಗೆ ಪ ಫ ಬ ಭ ಮ ಹತ್ತು ಸಲ ಹೇಳಿಸುತ್ತೇವೆ. ತುಟಿ ಕೂಡಿ ದವಡೆ ಇಳಿಯುವಾಗ ಮಾಸ್ಕ್ ಜಾರುವುದು ಎದ್ದು ಕಾಣುತ್ತದೆ. ಎಲ್ಲಿಯಾದರೂ ಸಿಹಿ ಬಂದರೆ ಕೈ ಎತ್ತಬೇಕು, ಅಲ್ಲಿಗೆ ನಿಲ್ಲಿಸುವುದು.

ಸಿಹಿ ಯಾವಾಗ ಬಂತು ಎಂದು ಬರೆದಿಟ್ಟರೆ ಸೋರುವ ಜಾಗವೂ ತಿಳಿಯುತ್ತದೆ. ಶುರುವಿನಲ್ಲೇ ಬಂದರೆ ಬಹುಪಾಲು ಮೂಗಿನ ಸೇತುವೆಯ ಬದಿ. ಕನ್ನಡಕ ಹಾಕುವವರಿಗಾದರೆ ಗಾಜಿನ ಮೇಲೆ ಹಬೆ ಹಿಡಿಯುತ್ತದೆ. ತಲೆ ತಿರುಗಿಸುವಾಗ ಬಂದರೆ ಕೆನ್ನೆ, ಮೇಲೆ ನೋಡುವಾಗ ಬಂದರೆ ಗಲ್ಲ. ಮೂಗಿನ ತಂತಿಯನ್ನು ಒಂದೇ ಕೈಯಿಂದ ಚಿವುಟಿದರೆ ನಡುವೆ ವಿ ಆಕಾರದ ಸಂದಿ ಉಳಿಯುತ್ತದೆ. ಎರಡೂ ಕೈಯ ಬೆರಳಿಂದ ನಡುವಿನಿಂದ ಕೆನ್ನೆಯ ಕಡೆಗೆ ಒತ್ತುತ್ತಾ ಹೋಗಬೇಕು. ಚಪ್ಪಟೆ ಮೂಗಿಗೆ ತಂತಿಯನ್ನು ಹಾಕುವ ಮೊದಲೇ ಬಗ್ಗಿಸುವ ಒಂದು ಕ್ರಮ ಇದೆ. ಅದನ್ನು ಬರೆದು ತೋರಿಸಲು ಬರುವುದಿಲ್ಲ, ಬಂದವರಿಗೆ ಕೈಯಲ್ಲೇ ತೋರಿಸುತ್ತೇನೆ.

ಪಟ್ಟಿಯ ವಿಷಯದಲ್ಲೇ ಹೆಚ್ಚಿನವರು ಫೇಲಾಗುವುದು. ಮೇಲಿನ ಪಟ್ಟಿ ನೆತ್ತಿಯ ಹಿಂದೆ, ಕೆಳಗಿನದ್ದು ಕಿವಿಯ ಕೆಳಗಿನಿಂದ ಕುತ್ತಿಗೆಗೆ. ಎರಡನ್ನೂ ಕುತ್ತಿಗೆಗೇ ಹಾಕಿದರೆ ಮೂಗಿನ ಬದಿ ಬಿಡುತ್ತದೆ. ಎತ್ತರದ ತುರುಬಿದ್ದರೆ ಮೇಲಿನ ಪಟ್ಟಿ ಜಾರಿ ಜಾರಿ ಕೆಳಗೆ ಬರುತ್ತದೆ, ಕೆಲಸದ ದಿನ ತುರುಬು ತಗ್ಗಿನಲ್ಲಿರಲಿ. ತಲೆವಸ್ತ್ರ ಇರುವವರು ಪಟ್ಟಿಯನ್ನು ಬಟ್ಟೆಯ ಒಳಗೆ ಹಾಕಿ, ಮೇಲೆ ವಸ್ತ್ರ ಹೊದ್ದರೆ ಸರಿ. ಮಾಸ್ಕ್‌ನ ಅಂಚು ಮಾತ್ರ ಚರ್ಮಕ್ಕೇ ತಾಗಬೇಕು. ಅಂಚಿನಡಿಗೆ ಗಡ್ಡ ಬಂದರೆ ಯಾವ ಎನ್-95 ಕೂಡ ಕೂರುವುದಿಲ್ಲ. ಗಡ್ಡ ತೆಗೆಯಲಾಗದವರನ್ನು ನಾವು ಜ್ವರದ ಕೋಣೆಗೆ ಹಾಕದೆ ಬೇರೆ ಕೆಲಸಕ್ಕೆ ಹಾಕುತ್ತೇವೆ.

ಅಂಗಡಿಯಲ್ಲಿ ಎನ್-95 ಎಂದು ಕೊಡುವುದರಲ್ಲಿ ಹೆಚ್ಚಿನದು ಕಿವಿಗೆ ಸಿಕ್ಕಿಸುವ ನಮೂನೆ. ಇಪ್ಪತ್ತು ರೂಪಾಯಿ ಆಸುಪಾಸಿಗೆ ಸಿಗುತ್ತದೆ. ನಮ್ಮಲ್ಲಿ ಕೂತವರಲ್ಲಿ ಅದು ಹಾಕಿ ಪಾಸಾದವರು ಐದಕ್ಕೆ ಒಬ್ಬರೂ ಇರಲಿಲ್ಲ. ಎರಡು ಕಿವಿಬಳ್ಳಿಯನ್ನು ತಲೆಯ ಹಿಂದೆ ಕ್ಲಿಪ್ಪಿನಿಂದ ಎಳೆದು ಕಟ್ಟಿದಾಗ ಇನ್ನೂ ಕೆಲವರು ಪಾಸಾದರು. ತಲೆಪಟ್ಟಿಯದ್ದು ಎಪ್ಪತ್ತರ ಸುಮಾರು, ಆದರೆ ಅದರಲ್ಲಿ ಐದಕ್ಕೆ ನಾಲ್ವರು ಪಾಸ್. ಉಳಿದವರದ್ದು ಸಣ್ಣ ಮುಖ, ಬೇರೆ ಆಕಾರದ ಮಾಸ್ಕ್ ಬೇಕಾಯಿತು. ಕೂರದ ಇಪ್ಪತ್ತು ರೂಪಾಯಿಯ ಮಾಸ್ಕ್ ಮೂರು ರೂಪಾಯಿಯ ಸರ್ಜಿಕಲ್ ಮಾಸ್ಕ್‌ನ ಕೆಲಸವನ್ನಷ್ಟೇ ಮಾಡುತ್ತದೆ. ಅಲ್ಲಿ ಹಣ ಪೋಲು.

ಕುತೂಹಲಕ್ಕೆ ಬಟ್ಟೆಯನ್ನೂ ನೋಡಿದೆವು. ಬೈರಾಸು ಮೂರು ಮಡಿಕೆ, ಹಳೆ ಲುಂಗಿ ನಾಲ್ಕು ಮಡಿಕೆ, ದರ್ಜಿ ಹೊಲಿದ ಕಾಟನ್ ಮಾಸ್ಕ್. ಎಲ್ಲದಕ್ಕೂ ಮೊದಲ ನಿಮಿಷದಲ್ಲೇ ಸಿಹಿ. ವಿಯೆಟ್ನಾಂನ ಹನೋಯಿಯಲ್ಲಿ 1,600ಕ್ಕೂ ಹೆಚ್ಚು ಆರೋಗ್ಯ ಸಿಬ್ಬಂದಿಯ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬಟ್ಟೆ ಮಾಸ್ಕ್‌ನವರಿಗೆ ಸರ್ಜಿಕಲ್ ಮಾಸ್ಕ್‌ನವರಿಗಿಂತ ಹೆಚ್ಚು ಫ್ಲೂ ಮಾದರಿಯ ಜ್ವರ ಬಂದಿತ್ತು. ನಮ್ಮ ಮಳೆಗಾಲದಲ್ಲಿ ಒಗೆದ ಬಟ್ಟೆ ಎರಡು ದಿನಕ್ಕೂ ಒಣಗುವುದಿಲ್ಲ, ಹಸಿಯದ್ದನ್ನೇ ಹಾಕಿ ಬರುತ್ತಾರೆ. ಕೆಮ್ಮುವವರ ಬಾಯಿಯ ಹನಿ ತಡೆಯಲು ಬಟ್ಟೆ ಇರಲಿ, ಆರೈಕೆ ಮಾಡುವವರ ಮೂಗು ಕಾಯಲು ಅದನ್ನು ನಂಬಬೇಡಿ. ಸರ್ಜಿಕಲ್ ಮಾಸ್ಕ್‌ನ ಕಿವಿಬಳ್ಳಿಯನ್ನು ಅಂಚಿನ ಹತ್ತಿರ ಗಂಟು ಹಾಕಿ, ಬದಿಯ ಮಡಿಕೆ ಒಳಗೆ ತುರುಕಿದರೆ ಸಿಹಿ ತಡವಾಗಿ ಬಂತು. ಪಾಸಾಗಲಿಲ್ಲ, ಆದರೆ ಖರ್ಚಿಲ್ಲದ ಸುಧಾರಣೆ.

ಇನ್ನೊಂದು ಪ್ರಯೋಗದಲ್ಲಿ ಎಚ್ಚರಿಕೆ ಇದೆ. ಸೋಪಿನಲ್ಲಿ ಒಗೆದ ಎನ್-95 ಕೂಡ ಪಾಸಾಗಬಹುದು. ಸ್ಯಾಕರಿನ್ ಹನಿ ತಕ್ಕಮಟ್ಟಿಗೆ ದಪ್ಪ, ಅದು ಅಂಚಿನ ಸೋರಿಕೆಯನ್ನು ತೋರಿಸುತ್ತದೆಯೇ ಹೊರತು ಫಿಲ್ಟರ್‌ನ ಗುಣವನ್ನಲ್ಲ. ಎನ್-95ರ ನಡುವಿನ ಪದರ ವಿದ್ಯುತ್ ಆವೇಶದಿಂದ ಸೂಕ್ಷ್ಮ ಕಣ ಹಿಡಿಯುತ್ತದೆ. ಸೋಪು, ಸ್ಪಿರಿಟ್ ತಾಗಿದರೆ ಆ ಆವೇಶ ಹೋಗುತ್ತದೆ, ನೋಡಲು ಮಾಸ್ಕ್ ಹೊಸದರಂತೆಯೇ ಇರುತ್ತದೆ. ಆದ್ದರಿಂದ ಒಗೆಯಬೇಡಿ. ಪೇಪರ್ ಕವರಿನಲ್ಲಿ ಗಾಳಿಗೆ ಇಡಿ, ಪಟ್ಟಿ ಸಡಿಲವಾದರೆ ಅಥವಾ ಒದ್ದೆಯಾದರೆ ಎಸೆಯಿರಿ. ಐದು ಸಲಕ್ಕಿಂತ ಹೆಚ್ಚು ಹಾಕಿ ತೆಗೆಯುವ ಮಾಸ್ಕ್ ನಮ್ಮಲ್ಲಿ ಇಲ್ಲ.

ಇಷ್ಟೆಲ್ಲ ಮಾಡಿದ ಮೇಲೂ ಹೊತ್ತಿನ ಲೆಕ್ಕ ಉಳಿಯುತ್ತದೆ. ಅಮೆರಿಕದ ಹೊರರೋಗಿ ವಿಭಾಗಗಳಲ್ಲಿ 2,800ಕ್ಕೂ ಹೆಚ್ಚು ಸಿಬ್ಬಂದಿಯ ಮೇಲೆ ನಡೆದು 2019ರಲ್ಲಿ ಬಂದ ಅಧ್ಯಯನದಲ್ಲಿ ಎನ್-95 ಗುಂಪಿನಲ್ಲಿ ಫ್ಲೂ ಶೇ. 8.2, ಸರ್ಜಿಕಲ್ ಗುಂಪಿನಲ್ಲಿ ಶೇ. 7.2. ಎನ್-95 ದಂಡ ಎನ್ನುವವರು ಇದನ್ನೇ ಮುಂದಿಡುತ್ತಾರೆ. ಆದರೆ ಅಲ್ಲಿ ಮಾಸ್ಕ್ ಹಾಕಬೇಕಾದ್ದು ರೋಗಿಯ ಆರಡಿ ಒಳಗೆ ಹೋದಾಗ ಮಾತ್ರ. ಉಳಿದ ಹೊತ್ತು ಹಾಕಲೇಬೇಕೆಂದು ಇರಲಿಲ್ಲ.

ನಮ್ಮ ಎಂಟು ಗಂಟೆಯ ಪಾಳಿಯಲ್ಲಿ ಇಟ್ಟು ನೋಡಿ. ಎಲ್ಲ ಹೊತ್ತಲ್ಲೂ ಗಾಳಿ ಒಂದೇ ರೀತಿ ಎಂದಿಟ್ಟುಕೊಳ್ಳಿ. ಮಾಸ್ಕೇ ಇಲ್ಲದಿದ್ದರೆ 480 ನಿಮಿಷದ ಗಾಳಿ ಒಳಗೆ. ಚೆನ್ನಾಗಿ ಕೂತ ಎನ್-95 ಹತ್ತರಲ್ಲೊಂದು ಪಾಲು ಬಿಟ್ಟರೂ ಇಡೀ ಪಾಳಿ ಹಾಕಿದವರಿಗೆ 48 ನಿಮಿಷದಷ್ಟು. ಒಂದು ಗಂಟೆ ತೆಗೆದರೆ ಆ 60 ಪೂರ್ತಿ, ಉಳಿದ 420ಕ್ಕೆ 42, ಒಟ್ಟು 102. ದುಪ್ಪಟ್ಟಿಗೂ ಹೆಚ್ಚು. ಅರ್ಧ ಪಾಳಿ ತೆಗೆದವರಿಗೆ 264. ಅರ್ಧದಷ್ಟು ಬಿಡುವ ಸರ್ಜಿಕಲ್ ಮಾಸ್ಕನ್ನು ಎಂಟೂ ಗಂಟೆ ಬಿಡದೆ ಹಾಕಿದವರಿಗೆ 240. ಅಂದರೆ ಅರ್ಧ ದಿನದ ಎನ್-95 ಇಡೀ ದಿನದ ಸರ್ಜಿಕಲ್‌ಗೆ ಸೋತಿತು.

ತೆಗೆಯುವುದು ಎಲ್ಲಿ ಎಂದು ನೋಡಿದರೆ ರೋಗಿಯ ಎದುರಲ್ಲಿ ಅಲ್ಲ, ಚಹಾದ ಕೋಣೆಯಲ್ಲಿ. ಮಳೆಗೆ ಕಿಟಕಿ ಮುಚ್ಚಿ ನಾಲ್ಕೈದು ಜನ ಒಟ್ಟಿಗೆ ಕೂರುತ್ತಾರೆ. ಫ್ಲೂ ಬಂದವರು ಜ್ವರ ಕಾಣುವ ಒಂದು ದಿನ ಮೊದಲೇ ವೈರಸ್ ಹರಡಲು ಶುರುಮಾಡುತ್ತಾರೆ. ಪಕ್ಕದಲ್ಲಿ ಚಹಾ ಕುಡಿಯುವ ಗೆಳತಿಯೇ ರೋಗಿ ಆಗಿರಬಹುದು. ನಾವು ಚಹಾವನ್ನು ಜಗಲಿಗೆ ತಂದೆವು, ಒಂದು ಹೊತ್ತಿಗೆ ಇಬ್ಬರು, ಹತ್ತು ನಿಮಿಷ. ಎರಡೂವರೆ ಗಂಟೆಗೊಮ್ಮೆ ಹೀಗೆ ಹೊರಗೆ ಬಿಡುವು ಇದ್ದರೆ ಉಳಿದ ಹೊತ್ತು ಮಾಸ್ಕ್ ತೆಗೆಯದೆ ಇರುವುದು ಸಾಧ್ಯವಾಗುತ್ತದೆ. ಬಿಡುವೇ ಕೊಡದೆ "ತೆಗೆಯಬೇಡಿ" ಎಂದರೆ ಮೂಗಿನ ಕೆಳಗೆ ಎಳೆದುಕೊಳ್ಳುತ್ತಾರೆ. ಮೇಜಿಗೆ ಮೊಣಕೈ ಊರಿ ಗಲ್ಲಕ್ಕೆ ಇಳಿಸಿದ ಮಾಸ್ಕನ್ನು ಮತ್ತೆ ಏರಿಸಿದಾಗ ಅಂಚು ಮಡಚಿರುತ್ತದೆ, ಬೆಳಿಗ್ಗೆ ಪಾಸಾದ ಮುಖವೂ ಆಗ ಸೋರುತ್ತದೆ.

ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೂ ಹೊತ್ತೇ ಮುಖ್ಯ. ಹಾಂಗ್‌ಕಾಂಗ್‌ನ ಮನೆಗಳಲ್ಲಿ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೊದಲ ಲಕ್ಷಣ ಕಂಡ 36 ಗಂಟೆ ಒಳಗೆ ಮಾಸ್ಕ್ ಮತ್ತು ಕೈತೊಳೆತ ಶುರುಮಾಡಿದವರಲ್ಲಿ ಹರಡುವಿಕೆ ಕಡಿಮೆಯಾಯಿತು, ತಡಮಾಡಿದ ಮನೆಗಳಲ್ಲಿ ಆ ಲಾಭ ಸಿಗಲಿಲ್ಲ. ಆದ್ದರಿಂದ ಪಾಳಿ ಮುಗಿಸಿ ಹೋಗುವ ಪ್ರತಿಯೊಬ್ಬರ ಚೀಲದಲ್ಲೂ ಅವರ ಮುಖಕ್ಕೆ ಪಾಸಾದ ನಮೂನೆಯ ಎರಡು ಮಾಸ್ಕ್ ಇರುವಂತೆ ನೋಡಿಕೊಳ್ಳುತ್ತೇವೆ, ರೋಗಿಗೆ ಹಾಕಲು ನಾಲ್ಕು ಸರ್ಜಿಕಲ್. ರೋಗಿಗೆ ವಾಲ್ವ್ ಇರುವ ಮಾಸ್ಕ್ ಹಾಕಬೇಡಿ, ಬಿಡುವ ಉಸಿರು ವಾಲ್ವ್‌ನಿಂದ ಹಾಗೇ ಹೊರಗೆ ಬರುತ್ತದೆ.

ಪರೀಕ್ಷೆಯನ್ನು ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮೊದಲು ಮೇ ತಿಂಗಳಲ್ಲಿ ಮಾಡಿ. ನಡುವೆ ಯಾರಾದರೂ ಹಲ್ಲು ತೆಗೆಸಿದರೆ, ತುಂಬಾ ತೂಕ ಇಳಿದರೆ ಅಥವಾ ಮಾಸ್ಕ್‌ನ ಕಂಪನಿ ಬದಲಾದರೆ ಮತ್ತೊಮ್ಮೆ. ಪ್ರತಿ ದಿನದ ಕೊನೆಗೆ ನೆಬ್ಯುಲೈಸರ್‌ಗೆ ಬಿಸಿನೀರು ಹಾಕಿ ಹತ್ತು ಸಲ ಒತ್ತಿ ತೊಳೆಯಿರಿ. ತೊಳೆಯದಿದ್ದರೆ ಮರುದಿನಕ್ಕೆ ಸ್ಯಾಕರಿನ್ ಹರಳುಗಟ್ಟಿ ತೂತು ಮುಚ್ಚುತ್ತದೆ, ಹಬೆ ಬರುವುದಿಲ್ಲ, ಆ ದಿನ ಬಂದವರೆಲ್ಲ ಸುಳ್ಳೇ ಪಾಸಾಗುತ್ತಾರೆ.