ಕೆಂಪು ಮುಚ್ಚಳದ ಸಿರಿಂಜ್

ನಾನು 28 ಹಾಸಿಗೆಯ ಮೆಡಿಕಲ್ ವಾರ್ಡ್ ಒಂದರ ನರ್ಸಿಂಗ್ ಇನ್‌ಚಾರ್ಜ್. ತಿಂಗಳ ವರದಿಯಲ್ಲಿ 'ಔಷಧ ಕೊಡುವಾಗ ಆದ ತಪ್ಪು' ಎಂಬ ಸಾಲಿನ ಮುಂದೆ ಎಂಟು ತಿಂಗಳಿಂದ ಸೊನ್ನೆ ಬರೆಯುತ್ತಿದ್ದೆ. ಆ ಸೊನ್ನೆ ನೋಡಿ ನನಗೆ ಹೆಮ್ಮೆಯಾಗುತ್ತಿತ್ತು.

ಒಂದು ರಾತ್ರಿ ಒಂಬತ್ತರ ಹೊತ್ತಿಗೆ ಒಬ್ಬ ಅಜ್ಜಿ ಬೆವರಿ ತೊಯ್ದುಹೋಗಿದ್ದರು, ಏನೇನೋ ಮಾತಾಡುತ್ತಿದ್ದರು. ಗ್ಲುಕೋಮೀಟರ್ 46 ತೋರಿಸಿತು, ಸಕ್ಕರೆ ತೀರಾ ಇಳಿದಿತ್ತು. ತಕ್ಷಣ 25% ಡೆಕ್ಸ್‌ಟ್ರೋಸ್ ಹಾಕಿದರು, ಅಜ್ಜಿ ಚೇತರಿಸಿಕೊಂಡರು.

ಊಟಕ್ಕೆ ಮುಂಚೆ ಅವರಿಗೆ ಎಂಟು ಯೂನಿಟ್ ಇನ್ಸುಲಿನ್ ಕೊಡಬೇಕಿತ್ತು. ನಮ್ಮಲ್ಲಿ ಮೊದಲಿಂದ ಇದ್ದದ್ದು ಒಂದು ಎಂಎಲ್‌ಗೆ 40 ಯೂನಿಟ್ ಇರುವ ವಯಲ್. ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್. ಸ್ಟೋರ್‌ನಿಂದ ಹೊಸದಾಗಿ ಬಂದದ್ದು ಒಂದು ಎಂಎಲ್‌ಗೆ 100 ಯೂನಿಟ್ ಇರುವ ವಯಲ್. ಅದಕ್ಕೆ ಕಿತ್ತಳೆ ಮುಚ್ಚಳದ ಸಿರಿಂಜ್ ಬೇಕು, ಆದರೆ ಅದು ಬಂದಿರಲಿಲ್ಲ. ಕೆಂಪು ಸಿರಿಂಜ್‌ನಲ್ಲಿ ಎಂಟರ ಗೆರೆಯವರೆಗೆ ಎಳೆದರೆ 0.2 ಎಂಎಲ್. ಹೊಸ ವಯಲ್‌ನಿಂದ ಅಷ್ಟು ಎಳೆದರೆ ಒಳಗೆ ಹೋಗುವುದು 20 ಯೂನಿಟ್, ಅಂದರೆ ಎರಡೂವರೆ ಪಟ್ಟು.

ಮಾರನೆಯ ದಿನ ವಿಚಾರಿಸುತ್ತಾ ಹೋದಾಗ ಗೊತ್ತಾಯಿತು, ಬೆಳಗಿನ ಪಾಳಿಯ ಒಬ್ಬ ಸಿಸ್ಟರ್ ಇದನ್ನು ವಾರದ ಹಿಂದೆಯೇ ಗಮನಿಸಿದ್ದರು. ಅವರನ್ನು ಒಬ್ಬರನ್ನೇ ಕೂರಿಸಿಕೊಂಡು ಕೇಳಿದೆ. ತುಂಬಾ ಹೊತ್ತು ತಲೆ ಎತ್ತಲಿಲ್ಲ.

"ಹೋದ ತಿಂಗಳು ಒಂದು ಆಂಟಿಬಯಾಟಿಕ್ ಯಾವುದರಲ್ಲಿ ಡೈಲ್ಯೂಟ್ ಮಾಡ್ಬೇಕು ಅಂತ ಕೇಳಿದ್ದೆ ಮೇಡಂ. ಹ್ಯಾಂಡೋವರ್‌ನಲ್ಲಿ ಎಲ್ಲರ ಮುಂದೆ 'ಇದೂ ಗೊತ್ತಿಲ್ವಾ' ಅಂದ್ರಿ. ಸ್ಟೋರ್‌ನಲ್ಲಿ ವಿಚಾರಿಸಿರ್ತಾರೆ, ನನಗೇ ಗೊತ್ತಿಲ್ವೇನೋ ಅಂತ ಸುಮ್ನಾದೆ."

ನನಗೆ ಆ ಮಾತು ಆಡಿದ ನೆನಪೇ ಇರಲಿಲ್ಲ. ಕೂಗಾಡಿರಲಿಲ್ಲ, ಮೆಮೊ ಕೊಟ್ಟಿರಲಿಲ್ಲ. ಎರಡು ಪದ, ಅಷ್ಟೇ. ಅಲ್ಲಿ ನಿಂತಿದ್ದ ಉಳಿದ ಆರು ಜನರೂ ಅದನ್ನು ಕೇಳಿಸಿಕೊಂಡಿದ್ದರು. ನನ್ನ ಸೊನ್ನೆಗಳ ಅರ್ಥ ಅವತ್ತು ತಿಳಿಯಿತು.

ಮುಂದಿನ ಹ್ಯಾಂಡೋವರ್‌ನಲ್ಲಿ, ಹೊಸ ವಯಲ್ ಬಂದಾಗ ನಾನೇ ಸಹಿ ಹಾಕಿ ತೆಗೆದುಕೊಂಡೆ, ಸಿರಿಂಜ್ ಕೇಳಲಿಲ್ಲ, ಅದು ನನ್ನ ತಪ್ಪು ಎಂದು ಹೇಳಿದೆ. ಆ ಸಿಸ್ಟರ್‌ಗೆ ಎಲ್ಲರ ಮುಂದೆಯೇ ಕ್ಷಮೆ ಕೇಳಿದೆ. ಬೈದದ್ದು ಎಲ್ಲರ ಮುಂದೆ ಅಲ್ವಾ?

ಕೇಳುವ ಪ್ರಶ್ನೆಯನ್ನೂ ಬದಲಿಸಿದೆ. "ಏನಾದ್ರೂ ತೊಂದರೆ ಇದೆಯಾ?" ಎಂದರೆ "ಇಲ್ಲ ಮೇಡಂ" ಎಂಬ ಉತ್ತರ ಸಿದ್ಧವಾಗಿರುತ್ತದೆ. ಈಗ "ಈ ಪಾಳಿಯಲ್ಲಿ ಎಲ್ಲಿ ಕೈತಪ್ಪುವ ಹಾಗಿತ್ತು?" ಎನ್ನುತ್ತೇನೆ, ಕೇಳಿ ಸುಮ್ಮನೆ ಕಾಯುತ್ತೇನೆ. ಮೊದಲ ವಾರ ಯಾರೂ ಬಾಯಿ ಬಿಡಲಿಲ್ಲ. ಎರಡನೇ ವಾರ ಒಬ್ಬರು, ಒಂದೇ ಹೆಸರಿನ ಇಬ್ಬರು ರೋಗಿಗಳು ಅಕ್ಕಪಕ್ಕದ ಹಾಸಿಗೆಯಲ್ಲಿದ್ದಾರೆ ಎಂದರು. ಮಧ್ಯಾಹ್ನದೊಳಗೆ ಒಬ್ಬರನ್ನು ಬೇರೆ ಕಡೆಗೆ ಬದಲಿಸಿದೆವು. ಹೇಳಿದ್ದಕ್ಕೆ ಏನೋ ನಡೆಯಿತು ಎಂದು ಕಂಡ ಮೇಲೆ ಉಳಿದವರೂ ಹೇಳತೊಡಗಿದರು. ಹೆಸರಿಲ್ಲದೆ ಬರೆಯಲು ಔಷಧದ ಟ್ರಾಲಿಯಲ್ಲಿ ಒಂದು ನೋಟ್‌ಬುಕ್ ಇಟ್ಟೆ.

ಅದನ್ನೂ ಒಮ್ಮೆ ನಾನೇ ಕೆಡಿಸಿದೆ. ಒಂದು ಬರಹ ಓದಿ, "ಇದು ಯಾರ ಕೈಬರಹ?" ಎಂದುಬಿಟ್ಟೆ. ವಿವರ ತಿಳಿಯಲೆಂದೇ ಕೇಳಿದ್ದು. ಆದರೂ ಮೂರು ವಾರ ಆ ಪುಸ್ತಕದಲ್ಲಿ ಒಂದು ಸಾಲೂ ಬರಲಿಲ್ಲ.

ಮೂರು ತಿಂಗಳಾದ ಮೇಲೆ ಸೊನ್ನೆ ಇದ್ದ ಕಡೆ 11 ಬಂತು. ಮೇಲಿನವರು ಕರೆದು, ವಾರ್ಡ್ ಯಾಕೆ ಹೀಗಾಯಿತು ಎಂದು ಕೇಳಿದರು. ಹಾರ್ವರ್ಡ್‌ನ ಎಮಿ ಎಡ್ಮಂಡ್ಸನ್ 1990ರ ದಶಕದಲ್ಲಿ ಅಮೆರಿಕದ ಆಸ್ಪತ್ರೆಗಳಲ್ಲಿ ಔಷಧದ ತಪ್ಪುಗಳ ಅಧ್ಯಯನ ಮಾಡಿದ್ದರು. ಒಳ್ಳೆಯ ತಂಡಗಳಲ್ಲಿ ತಪ್ಪು ಕಡಿಮೆ ಇರಬಹುದು ಎಂದುಕೊಂಡಿದ್ದವರಿಗೆ ಸಿಕ್ಕಿದ್ದು ಉಲ್ಟಾ. ಅಲ್ಲಿ ದಾಖಲಾದ ತಪ್ಪುಗಳೇ ಜಾಸ್ತಿ ಇದ್ದವು, ಯಾಕೆಂದರೆ ಅಲ್ಲಿನವರು ಮುಚ್ಚಿಡುತ್ತಿರಲಿಲ್ಲ. ಅದನ್ನು ಹೇಳಿದೆ. ಜೊತೆಗೆ ನೋಟ್‌ಬುಕ್ ತೋರಿಸಿದೆ: 11ರಲ್ಲಿ ಒಂಬತ್ತು ರೋಗಿಯವರೆಗೆ ಹೋಗುವ ಮೊದಲೇ ಹಿಡಿದದ್ದು.

ಎಲ್ಲಕ್ಕೂ ಹೀಗೆ ಎನ್ನಲಾರೆ. ಕೊಡದ ಮಾತ್ರೆಗೆ 'ಕೊಟ್ಟೆ' ಎಂದು ಚಾರ್ಟ್‌ನಲ್ಲಿ ಸಹಿ ಹಾಕಿದವರೊಬ್ಬರ ಮೇಲೆ ನಾನೇ ಬರೆದುಕೊಟ್ಟೆ. ಅದು ಕೈತಪ್ಪಿದ್ದಲ್ಲ, ಸುಳ್ಳು. ಆ ವ್ಯತ್ಯಾಸವನ್ನು ಮೊದಲೇ ಎಲ್ಲರಿಗೂ ಹೇಳಿಟ್ಟಿದ್ದೆ, ಹಾಗಾಗಿ ಆ ವಾರ ನೋಟ್‌ಬುಕ್ ನಿಲ್ಲಲಿಲ್ಲ.

ಹೋದ ವಾರ ಅದೇ ಸಿಸ್ಟರ್ ಹ್ಯಾಂಡೋವರ್‌ನ ಮಧ್ಯೆ ನನ್ನನ್ನು ತಡೆದರು. "ಮೇಡಂ, ನೀವು ಹೇಳಿದ ಡೋಸ್ ನಿನ್ನೆಯದು. ಡಾಕ್ಟರ್ ಬೆಳಗ್ಗೆ ಬದಲಾಯಿಸಿದ್ದಾರೆ." ಫೈಲ್ ತೆಗೆದು ನೋಡಿದೆ. ಅವರು ಹೇಳಿದ್ದೇ ಸರಿಯಾಗಿತ್ತು.