ಮಹಡಿಗೊಂದೇ ವೈ-ಫೈ: ಹೊಸ ಪಾಸ್‌ವರ್ಡ್ ತಿಳಿಸುವುದು, ದುಡ್ಡು ಹಂಚುವುದು ಹೇಗೆ?

ಬೆಂಗಳೂರಿನ ಚಿಕ್ಕ ಅಪಾರ್ಟ್‌ಮೆಂಟ್‌ಗಳಲ್ಲಿ ಒಂದೇ ಮಹಡಿಯ ನಾಲ್ಕು ಮನೆಯವರು ಸೇರಿ ಒಂದು ಬ್ರಾಡ್‌ಬ್ಯಾಂಡ್ ಹಾಕಿಸಿಕೊಳ್ಳುವುದುಂಟು. ಮನೆ ಖಾಲಿಯಾಗಿ ಹೊಸ ಬಾಡಿಗೆದಾರರು ಬಂದಾಗ ಪಾಸ್‌ವರ್ಡ್ ಬದಲಿಸಬೇಕು, ಹಣದ ಲೆಕ್ಕವನ್ನೂ ಮತ್ತೆ ಹಾಕಬೇಕು. ಎರಡನ್ನೂ ತಿಳಿಸಲು ವಾಟ್ಸಾಪ್ ಗುಂಪಿಗೆ ಎರಡು ಸಾಲು ಹಾಕಿ ಸುಮ್ಮನಾದರೆ ಮುಂದಿನ ಒಂದು ವಾರ ‘ನೆಟ್ ಬರ್ತಿಲ್ಲ’ ಎಂಬ ದೂರು ಕೇಳುತ್ತಲೇ ಇರಬೇಕಾಗುತ್ತದೆ.

ಮೊದಲು ಒಂದು ವಿಷಯ ಖಚಿತ ಮಾಡಿಕೊಳ್ಳಿ. ಒಂದು ಮನೆಗೆ ಕೊಟ್ಟ ಸಂಪರ್ಕವನ್ನು ಅಕ್ಕಪಕ್ಕದವರ ಜೊತೆ ಹಂಚಿಕೊಳ್ಳಲು ಕೆಲವು ಪ್ಲಾನ್‌ಗಳ ಷರತ್ತು ಒಪ್ಪುವುದಿಲ್ಲ. ಕಂಪನಿಯನ್ನು ಕೇಳಿ, ಉತ್ತರವನ್ನು ಇಮೇಲ್‌ನಲ್ಲೇ ತರಿಸಿಕೊಳ್ಳಿ. ಸಂಪರ್ಕದಲ್ಲಿ ಯಾರೇ ಏನೇ ಎಡವಟ್ಟು ಮಾಡಿದರೂ ವಿಚಾರಣೆ ಮೊದಲು ಬರುವುದು ಯಾರ ಹೆಸರಲ್ಲಿ ಕನೆಕ್ಷನ್ ಇದೆಯೋ ಅವರ ಬಾಗಿಲಿಗೆ. ಹಾಗಾಗಿ ಪಾಸ್‌ವರ್ಡ್ ಯಾರಿಗೆ ಕೊಡಬೇಕು ಎಂಬುದು ಅವರ ಕೈಯಲ್ಲೇ ಇರಲಿ.

ಪಾಸ್‌ವರ್ಡ್ ಆಯ್ಕೆ

ವೈ-ಫೈ ಪಾಸ್‌ವರ್ಡ್‌ನಲ್ಲಿ ಕನಿಷ್ಠ 8, ಹೆಚ್ಚೆಂದರೆ 63 ಅಕ್ಷರ ಇರಬಹುದು. ಒಂದಕ್ಕೊಂದು ಸಂಬಂಧವಿಲ್ಲದ ಮೂರು ನಾಲ್ಕು ಪದ, ನಡುವೆ ಅಡ್ಡಗೆರೆ, ಕೊನೆಗೆ ಎರಡಂಕಿ ಇದ್ದರೆ ಸಾಕು. ಎಲ್ಲವೂ ಸಣ್ಣಕ್ಷರದಲ್ಲಿರಲಿ, ಸೊನ್ನೆ ಮತ್ತು ಒಂದು ಬೇಡ. ಅವು O, l ಅಕ್ಷರಗಳಂತೆಯೇ ಕಾಣುತ್ತವೆ. ಮಾದರಿ ಹೀಗಿದೆ (ಅಚ್ಚಾಗಿರುವ ಇದನ್ನೇ ಇಟ್ಟುಕೊಳ್ಳಬೇಡಿ):

```
kappe-guddali-batani-47
```

ನಕ್ಷತ್ರ ಚಿಹ್ನೆ, ಅಡಿಗೆರೆ ಬಳಸಬೇಡಿ. ಪದದ ಎರಡೂ ಬದಿಗೆ ಅವು ಬಂದರೆ ವಾಟ್ಸಾಪ್ ಅದನ್ನು ದಪ್ಪಕ್ಷರ ಅಥವಾ ಓರೆಯಕ್ಷರ ಮಾಡುವ ಸೂಚನೆ ಎಂದುಕೊಂಡು ಚಿಹ್ನೆಯನ್ನೇ ನುಂಗಿಬಿಡುತ್ತದೆ. ಕಳಿಸಿದವರು ಸರಿಯಾಗಿಯೇ ಬರೆದಿರುತ್ತಾರೆ, ಓದುವವರಿಗೆ ಬೇರೆಯದೇ ಕಾಣುತ್ತದೆ. ಕನ್ನಡ ಪದವನ್ನು ಇಂಗ್ಲಿಷ್ ಅಕ್ಷರದಲ್ಲಿ ಒಬ್ಬೊಬ್ಬರು ಒಂದೊಂದು ರೀತಿ ಬರೆಯುವುದರಿಂದ ಫೋನಿನಲ್ಲಿ ಓದಿ ಹೇಳುವುದೂ ಕೆಲಸಕ್ಕೆ ಬಾರದು.

ಬದಲಿಸುವ ಹೊತ್ತು

ಭಾನುವಾರ ಬೆಳಿಗ್ಗೆ 11 ಗಂಟೆ ಒಳ್ಳೆಯದು. ಸೋಮವಾರ ಬೆಳಿಗ್ಗೆ ಮಾಡಿದರೆ ಮನೆಯಿಂದ ಕೆಲಸ ಮಾಡುವವರ ಮೀಟಿಂಗ್ ನಡುವೆಯೇ ಕಡಿದುಹೋಗುತ್ತದೆ. ರೂಟರ್‌ನ ಅಡಿಯಲ್ಲಿ ಅಂಟಿಸಿರುವ ಚೀಟಿಯಲ್ಲಿ ಅದರ ವಿಳಾಸ ಇರುತ್ತದೆ. ಸಾಮಾನ್ಯವಾಗಿ `192.168.0.1` ಅಥವಾ `192.168.1.1`. ಲ್ಯಾಪ್‌ಟಾಪನ್ನು ಕೇಬಲ್‌ನಿಂದ ಜೋಡಿಸಿ ಬ್ರೌಸರ್‌ನಲ್ಲಿ ಆ ವಿಳಾಸ ತೆರೆಯಿರಿ. ವೈ-ಫೈ ಮೂಲಕವೇ ತೆರೆದರೆ ಹೊಸ ಪಾಸ್‌ವರ್ಡ್ ಉಳಿಸಿದ ಕ್ಷಣ ನಿಮ್ಮ ಲ್ಯಾಪ್‌ಟಾಪೇ ಹೊರಬೀಳುತ್ತದೆ. ಭದ್ರತೆ WPA2 ಅಥವಾ WPA3 ಇರಲಿ. ರೂಟರ್‌ನ ಒಳಹೋಗುವ ಅಡ್ಮಿನ್ ಪಾಸ್‌ವರ್ಡ್ ಬೇರೆಯೇ ಇದೆ, ಅದನ್ನೂ ಬದಲಿಸಿ. ಅದು ಹಳೆಯದೇ ಉಳಿದಿದ್ದರೆ ನೆಟ್ ಬಳಸುವ ಯಾರಾದರೂ ಒಳಹೊಕ್ಕು ಎಲ್ಲವನ್ನೂ ಬದಲಿಸಬಹುದು.

ನೆಟ್‌ವರ್ಕ್‌ನ ಹೆಸರನ್ನೂ ಜೊತೆಗೇ ಬದಲಿಸುವುದು ಲೇಸು. ಹೆಸರು ಹಳೆಯದೇ ಇದ್ದರೆ ಕೆಲವು ಫೋನು, ಟಿವಿಗಳು ನೆನಪಿಟ್ಟುಕೊಂಡ ಹಳೆಯ ಪಾಸ್‌ವರ್ಡನ್ನೇ ಮತ್ತೆ ಮತ್ತೆ ಪ್ರಯತ್ನಿಸುತ್ತಾ ಕೂರುತ್ತವೆ. ಆಗ ಪ್ರತಿಯೊಂದರಲ್ಲೂ ಹಳೆಯದನ್ನು ಅಳಿಸಿ (Forget) ಮತ್ತೆ ಸೇರಬೇಕು. ಹೆಸರು ಹೊಸದಾದರೆ ಪಟ್ಟಿಯಲ್ಲಿ ಅದು ಬೇರೆಯಾಗಿ ಕಾಣುತ್ತದೆ, ಯಾರು ಇನ್ನೂ ಸೇರಿಲ್ಲ ಎಂಬುದೂ ಸುಲಭವಾಗಿ ಗೊತ್ತಾಗುತ್ತದೆ.

ಚೀಟಿ ಬೇರೆ, ಸಂದೇಶ ಬೇರೆ

ಪಾಸ್‌ವರ್ಡನ್ನು ಗುಂಪಿಗೆ ಹಾಕಬೇಡಿ. ಮನೆ ಬಿಟ್ಟು ಹೋದವರು ಗುಂಪಿನಲ್ಲಿ ಇನ್ನೂ ಇರುವುದೇ ಹೆಚ್ಚು, ಅವರಿಗಾಗಿಯೇ ಬದಲಿಸಿದ್ದು ಅವರಿಗೇ ಮೊದಲು ಸಿಕ್ಕಂತಾಗುತ್ತದೆ. ಮನೆಗೊಂದು ಚೀಟಿ ಅಚ್ಚು ಹಾಕಿಸಿ ಕೈಗೆ ಕೊಡಿ. ಅದರಲ್ಲಿ ಕ್ಯೂಆರ್ ಚಿತ್ರವೂ ಇದ್ದರೆ ಹಿರಿಯರಿಗೆ ಟೈಪ್ ಮಾಡುವ ಕಷ್ಟವಿಲ್ಲ. ಕ್ಯೂಆರ್ ಮಾಡುವ ಆ್ಯಪ್‌ಗೆ ಕೊಡಬೇಕಾದ ಸಾಲು ಹೀಗಿರುತ್ತದೆ, ಕೊನೆಯ ಎರಡು ಅರ್ಧವಿರಾಮ ಬಿಡಬಾರದು:

```
WIFI:T:WPA;S:Mahadi2;P:kappe-guddali-batani-47;;
```

ಪಾಸ್‌ವರ್ಡ್ ತಾನೇ ಒಂದು ಸಾಲಿನಲ್ಲಿರಲಿ, ಕೊನೆಗೆ ಪೂರ್ಣವಿರಾಮ ಬೇಡ. ಹಾಕಿದರೆ ಯಾರಾದರೊಬ್ಬರು ಅದನ್ನೂ ಸೇರಿಸಿ ಟೈಪ್ ಮಾಡುತ್ತಾರೆ.

ಲೆಕ್ಕ

ಪ್ಲಾನಿನ ಬೆಲೆಯ ಮೇಲೆ ಶೇ. 18 ಜಿಎಸ್‌ಟಿ ಬೀಳುತ್ತದೆ. ತಿಂಗಳಿಗೆ 1,500 ರೂಪಾಯಿಯ ಪ್ಲಾನ್ ಎಂದಿಟ್ಟುಕೊಂಡರೆ 270 ಸೇರಿ 1,770. ನಾಲ್ಕು ಮನೆಗೆ ಸಮ ಹಂಚಿದರೆ ತಲಾ 442.50. ಆದರೆ ಒಬ್ಬರೇ ಇರುವ ಮನೆಯವರು ಎರಡು ತಿಂಗಳಲ್ಲೇ ಗೊಣಗಲು ಶುರುಮಾಡುತ್ತಾರೆ. ಪೂರ್ತಿ ತಲೆಗೆ ಇಷ್ಟೆಂದು ಹಾಕಿದರೆ ದೊಡ್ಡ ಮನೆಯವರಿಗೆ ಬೇಸರ, ಏಕೆಂದರೆ ಕೇಬಲ್, ರೂಟರ್ ಎಲ್ಲರಿಗೂ ಒಂದೇ.

ಹಾಗಾಗಿ ಅರ್ಧ ಮನೆ ಲೆಕ್ಕದಲ್ಲಿ, ಅರ್ಧ ತಲೆ ಲೆಕ್ಕದಲ್ಲಿ ಹಂಚುವುದು ನ್ಯಾಯ. 885 ರೂಪಾಯಿಯನ್ನು ನಾಲ್ಕು ಮನೆಗೆ ಹಂಚಿದರೆ 221.25. ಉಳಿದ 885 ಅನ್ನು ಎಲ್ಲ ಮನೆಯ ಹತ್ತು ಮಂದಿಗೆ ಹಂಚಿದರೆ ತಲೆಗೆ 88.50. ಇಬ್ಬರಿರುವ 201ಕ್ಕೆ 398.25, ನಾಲ್ವರಿರುವ 202ಕ್ಕೆ 575.25, ಒಬ್ಬರಿರುವ 203ಕ್ಕೆ 309.75, ಮೂವರಿರುವ 204ಕ್ಕೆ 486.75. ಚಿಲ್ಲರೆ ತೆಗೆದರೆ 400, 575, 310, 485. ಕೂಡಿದರೆ ಸರಿಯಾಗಿ 1,770. ಮೂರು ತಿಂಗಳಿಗೊಮ್ಮೆ ಮುಂಗಡ ಕಟ್ಟುವುದಾದರೆ ಮೂರರಿಂದ ಗುಣಿಸಿ. ಗುಂಪಿಗೆ ಹಾಕುವ ಸಂದೇಶ ಹೀಗಿರಬಹುದು:

> ಎರಡನೇ ಮಹಡಿಯ ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಬೆಳಿಗ್ಗೆ 11ಕ್ಕೆ ವೈ-ಫೈ ಹೆಸರು, ಪಾಸ್‌ವರ್ಡ್ ಎರಡೂ ಬದಲಾಗುತ್ತವೆ. ಹೊಸ ಹೆಸರು Mahadi2. ಪಾಸ್‌ವರ್ಡ್ ಇರುವ ಚೀಟಿಯನ್ನು ಶನಿವಾರ ಸಂಜೆ ಮನೆಗೇ ತಂದುಕೊಡುತ್ತೇನೆ, ದಯವಿಟ್ಟು ಇಲ್ಲಿ ಹಾಕಬೇಡಿ. ಮೂರು ತಿಂಗಳ ಬಿಲ್ ತೆರಿಗೆ ಸೇರಿ ₹5,310. ನಿಮ್ಮ ಪಾಲು: 201 – ₹1,200, 202 – ₹1,725, 203 – ₹930, 204 – ₹1,455. 5ನೇ ತಾರೀಖಿನೊಳಗೆ ಯುಪಿಐ ಮಾಡಿ, ಷರಾದಲ್ಲಿ ಮನೆ ನಂಬರ್ ಹಾಕಿ. ಬಿಲ್‌ನ ಫೋಟೊ ಜೊತೆಗಿದೆ. ಭಾನುವಾರ ಸಂಜೆ 4ರಿಂದ 5ರವರೆಗೆ ನಾನು ಮನೆಯಲ್ಲೇ ಇರುತ್ತೇನೆ, ಟಿವಿ ಗಿವಿ ಸೇರಿಸಲು ಕಷ್ಟವಾದರೆ ಕರೆಯಿರಿ.

ಬಿಲ್‌ನ ಫೋಟೊ ಹಾಕುವುದು ಮರೆಯಬೇಡಿ. ಅದಿಲ್ಲದಿದ್ದರೆ ‘ಇಷ್ಟೊಂದು ಯಾಕೆ?’ ಎಂಬ ಪ್ರಶ್ನೆಗೆ ಪ್ರತಿ ಮನೆಗೂ ಬೇರೆ ಬೇರೆ ಉತ್ತರ ಹೇಳಬೇಕಾಗುತ್ತದೆ.

ಬದಲಿಸಿದ ಮೇಲೆ

ಸೇರದೇ ಉಳಿಯುವುದು ಹೆಚ್ಚಾಗಿ ಫೋನಲ್ಲ. ಟಿವಿ, ಪ್ರಿಂಟರ್, ಬಾಗಿಲ ಕ್ಯಾಮೆರಾ. ಅಗ್ಗದ ಕ್ಯಾಮೆರಾ, ಸ್ಮಾರ್ಟ್ ಬಲ್ಬ್‌ಗಳು 2.4 ಗಿಗಾಹರ್ಟ್ಸ್ ಮಾತ್ರ ಹಿಡಿಯುತ್ತವೆ. ರೂಟರ್‌ನಲ್ಲಿ ಅದು ಆಫ್ ಆಗಿದ್ದರೆ ಅವಕ್ಕೆ ಹೊಸ ಹೆಸರು ಕಾಣುವುದೇ ಇಲ್ಲ. ಫೋನ್ ಬಗೆಗೂ ಒಂದು ಎಚ್ಚರಿಕೆ: ವೈ-ಫೈ ಹೋದರೆ ಅದು ಸದ್ದಿಲ್ಲದೆ ಮೊಬೈಲ್ ಡೇಟಾಗೆ ಹೊರಳುತ್ತದೆ. ಎಲ್ಲ ಸರಿಯಿದೆ ಎಂದುಕೊಂಡವರಿಗೆ ಸಂಜೆ ದಿನದ ಡೇಟಾ ಮುಗಿದ ಸಂದೇಶ ಬಂದಾಗಲೇ ಗೊತ್ತಾಗುವುದು. ಮೇಲೆ ವೈ-ಫೈ ಗುರುತು ಇದೆಯೇ ನೋಡಿಕೊಳ್ಳಲು ಹೇಳಿ.

ಸಂಜೆ ರೂಟರ್‌ನ ಪುಟದಲ್ಲಿ ಸೇರಿರುವ ಉಪಕರಣಗಳ ಪಟ್ಟಿ ನೋಡಿ. ನಾಲ್ಕು ಮನೆಯವರೂ ತಮ್ಮದೆಂದು ಒಪ್ಪದ ಹೆಸರೊಂದು ಇದ್ದರೆ ಚೀಟಿ ಹೊರಗೆ ಹೋಗಿದೆ ಎಂದರ್ಥ.

ನಡುವೆ ಮನೆ ಬಿಟ್ಟರೆ

ನಿಯಮವನ್ನು ಮೊದಲೇ ಮಾಡಿಕೊಳ್ಳಿ, ಸಾಮಾನು ಗಾಡಿಗೇರಿದ ಮೇಲೆ ಮಾತುಕತೆ ಸಾಗುವುದಿಲ್ಲ. 203ರವರು 90 ದಿನಕ್ಕೆ 930 ಕಟ್ಟಿ 40ನೇ ದಿನ ಹೊರಟರು ಎನ್ನಿ. ಉಳಿದ 50 ದಿನಕ್ಕೆ 930 ಭಾಗಿಸು 90, ಗುಣಿಸು 50, ಅಂದರೆ 517 ರೂಪಾಯಿ. ಹೊಸದಾಗಿ ಬರುವವರೂ ಒಬ್ಬರೇ ಆದರೆ ಈ ಹಣವನ್ನು ಹೋಗುವವರಿಗೆ ನೇರವಾಗಿ ಕೊಡಲಿ, ಕೊಟ್ಟ ಮೇಲೆ ಚೀಟಿ ಪಡೆಯಲಿ. ಮನೆ ಖಾಲಿಯೇ ಉಳಿದರೆ ತಿಂಗಳ 310 ಉಳಿದ ಮೂರು ಮನೆಯ ಮೇಲೆ ತಲಾ 103ರ ಹಾಗೆ ಬೀಳುತ್ತದೆ.