ಎಫ್‌ಡಿ ಮೇಲಿನ ಕಾರ್ಡು: ಬಿಲ್ ಪೂರ್ತಿ ಕಟ್ಟಿದರೂ ಕ್ರೆಡಿಟ್ ಸ್ಕೋರ್ ಏಕೆ ಏರುತ್ತಿಲ್ಲ?

ಬೇರೆ ದೇಶದಿಂದ ಹೊಸದಾಗಿ ಬಂದವರಿಗೆ ಕ್ರೆಡಿಟ್ ಕಾರ್ಡು ಸಿಗೋದು ಕಷ್ಟ. ಹಿಂದಿನ ದೇಶದಲ್ಲಿ ನೀವು ಸಾಲ ಎಷ್ಟು ಚೆನ್ನಾಗಿ ತೀರಿಸಿದ್ದರೂ ಇಲ್ಲಿನ ಬ್ಯಾಂಕಿಗೆ ಸಾಮಾನ್ಯವಾಗಿ ಅದು ಕಾಣಿಸುವುದಿಲ್ಲ. ಅದಕ್ಕೇ ಎಫ್‌ಡಿ ಇಟ್ಟು ಅದರ ಮೇಲೆ ಕಾರ್ಡು ತೆಗೆದುಕೊಳ್ಳುವುದು. ನೀವು ಕಟ್ಟದೆ ಹೋದರೆ ಠೇವಣಿಯಿಂದ ವಸೂಲಿ ಮಾಡಬಹುದು ಅನ್ನೋ ಧೈರ್ಯ ಬ್ಯಾಂಕಿಗಿರುತ್ತದೆ.

ಇಲ್ಲೊಂದು ತಪ್ಪು ತಿಳಿವಳಿಕೆ ಇದೆ. ತಿಂಗಳ ಬಿಲ್ಲು ಠೇವಣಿಯಿಂದ ತಾನಾಗಿ ಕಳೆದುಹೋಗುತ್ತದೆ ಅಂತ ಕೆಲವರು ಸುಮ್ನೆ ಇದ್ದುಬಿಡುತ್ತಾರೆ. ಹಾಗಿಲ್ಲ. ಠೇವಣಿ ಬರೀ ಅಡಮಾನ, ಬಿಲ್ಲನ್ನು ನೀವೇ ಬೇರೆ ದುಡ್ಡಿನಿಂದ ಕಟ್ಟಬೇಕು. ತಡವಾದರೆ ಬಡ್ಡಿಯೂ ಬೀಳುತ್ತದೆ, ದಾಖಲೆಯಲ್ಲಿ ಕಪ್ಪು ಚುಕ್ಕೆಯೂ ಬೀಳುತ್ತದೆ. ಕಾರ್ಡು ಇರುವವರೆಗೆ ಆ ಎಫ್‌ಡಿ ಮುರಿಯೋಕೂ ಆಗಲ್ಲ, ಹಾಗಾಗಿ ತುರ್ತಿಗೆ ಇಟ್ಟುಕೊಂಡ ಹಣವನ್ನು ಇದಕ್ಕೆ ಹಾಕಬೇಡಿ. ಅರ್ಜಿ ಹಾಕುವ ಮೊದಲು ಒಂದೇ ಪ್ರಶ್ನೆ ಕೇಳಿ: ಈ ಕಾರ್ಡಿನ ವಿವರ ಪ್ರತಿ ತಿಂಗಳು, ಸಾಲದ ದಾಖಲೆ ಇಟ್ಟು ಸ್ಕೋರ್ ಕೊಡುವ ಕ್ರೆಡಿಟ್ ಬ್ಯೂರೋಗೆ ಹೋಗುತ್ತದಾ? ಹೋಗಲ್ಲ ಅಂದರೆ ಆ ಕಾರ್ಡಿನಿಂದ ಸ್ಕೋರಿಗೆ ಏನೂ ಪ್ರಯೋಜನವಿಲ್ಲ.

ಈಗ ನಾನೇ ಎಡವಿದ ಜಾಗಕ್ಕೆ ಬರುತ್ತೇನೆ. ನನ್ನ ಲಿಮಿಟ್ 1000 ಇತ್ತು. ಸ್ಟೇಟ್‌ಮೆಂಟ್ ಬರೋದು 20ನೇ ತಾರೀಕು, ಕಟ್ಟೋಕೆ ಕೊನೆಯ ದಿನ ಮುಂದಿನ ತಿಂಗಳ 10. ಮನೆಯ ಖರ್ಚೆಲ್ಲ ಕಾರ್ಡಿನಲ್ಲೇ ಮಾಡಿ 850 ಆಯಿತು, 8ನೇ ತಾರೀಕೇ ಪೂರ್ತಿ ಕಟ್ಟಿದೆ. ಬಡ್ಡಿ ಸೊನ್ನೆ. ಆದರೂ ಸ್ಕೋರ್ ಕೆಳಗೇ ಇತ್ತು, ಯಾಕೆ ಅಂತ ತಲೆ ಕೆರೆದುಕೊಂಡೆ. ಆಮೇಲೆ ರಿಪೋರ್ಟ್ ತೆಗೆಸಿ ನೋಡಿದರೆ ಬಾಕಿ 850 ಅಂತ ಇದೆ! ಹೆಚ್ಚಿನ ಬ್ಯಾಂಕುಗಳು ಬ್ಯೂರೋಗೆ ಕಳಿಸುವುದು ಸ್ಟೇಟ್‌ಮೆಂಟ್ ದಿನದ ಬಾಕಿಯನ್ನು, ನೀವು ಕಟ್ಟಿದ ಮೇಲಿನ ಸೊನ್ನೆಯನ್ನಲ್ಲ. ನೋಡುವವರಿಗೆ ನಾನು ಲಿಮಿಟಿನ ಶೇ. 85 ಬಳಸಿ ಕೈ ಖಾಲಿ ಮಾಡಿಕೊಂಡವನು. ಎಫ್‌ಡಿ ಕಾರ್ಡಿನ ಲಿಮಿಟ್ ಚಿಕ್ಕದು ಅಲ್ವಾ, ಅದಕ್ಕೇ ಈ ತೊಂದರೆ ಜಾಸ್ತಿ.

ಮುಂದಿನ ತಿಂಗಳೂ ಖರ್ಚು ಅಷ್ಟೇ, 850. ಈ ಸಲ 16ನೇ ತಾರೀಕೇ 750 ಕಟ್ಟಿಬಿಟ್ಟೆ, ಯಾಕೆಂದರೆ ದುಡ್ಡು ಜಮಾ ಆಗೋಕೆ ಎರಡು ಮೂರು ದಿನ ಹಿಡಿಯಬಹುದು. ಸ್ಟೇಟ್‌ಮೆಂಟಿನಲ್ಲಿ ಉಳಿದದ್ದು 100, ಅಂದರೆ ಶೇ. 10. ಆ ನೂರನ್ನು 10ನೇ ತಾರೀಕಿನೊಳಗೆ ಕಟ್ಟಿದೆ. ಖರ್ಚು ಅದೇ, ಬಡ್ಡಿ ಆಗಲೂ ಇಲ್ಲ ಈಗಲೂ ಇಲ್ಲ, ಬದಲಾದದ್ದು ಕಟ್ಟಿದ ದಿನ ಮಾತ್ರ. ಶೇ. 30 ದಾಟಬೇಡಿ ಅಂತ ಸಾಮಾನ್ಯವಾಗಿ ಹೇಳುತ್ತಾರೆ, ನಾನಂತೂ 10ರ ಆಸುಪಾಸಿನಲ್ಲೇ ಇಡುತ್ತೇನೆ. ಒಂದು ತಿಂಗಳು ಜಾಸ್ತಿ ಆಗಿಹೋದರೆ ಗಾಬರಿ ಬೇಡ, ಮುಂದಿನ ತಿಂಗಳು ಬಾಕಿ ಇಳಿದರೆ ಆ ಪೆಟ್ಟು ಬಹುಪಾಲು ಸರಿಹೋಗುತ್ತದೆ. ತಡವಾಗಿ ಕಟ್ಟಿದ್ದು ಮಾತ್ರ ವರ್ಷಗಟ್ಟಲೆ ಉಳಿಯುತ್ತದೆ.

ಒಂದು ವರ್ಷ ಹೀಗೆ ನಡೆಸಿದ ಮೇಲೆ ಕಾರ್ಡು ಮುಚ್ಚಿ ಎಫ್‌ಡಿ ಬಿಡಿಸಿಕೊಳ್ಳೋ ಆಸೆ ಬರುತ್ತದೆ. ಅದಕ್ಕೆ ಮುಂಚೆ, ಇದೇ ಖಾತೆಯನ್ನು ಠೇವಣಿಯಿಲ್ಲದ ಕಾರ್ಡಾಗಿ ಬದಲಾಯಿಸುತ್ತೀರಾ ಅಂತ ಬ್ಯಾಂಕನ್ನು ಕೇಳಿ. ಒಪ್ಪಿದರೆ ದುಡ್ಡೂ ವಾಪಸ್ ಬರುತ್ತದೆ, ನಿಮ್ಮ ಹಳೆಯ ಖಾತೆಯೂ ಮುಚ್ಚದೆ ಉಳಿಯುತ್ತದೆ.